ಚನ್ನಪಟ್ಟಣದ ಗೊಂಬೆಗೆ ತಿಳಿ ಬೂದು ಹಿನ್ನೆಲೆ

ಚನ್ನಪಟ್ಟಣದ ಗೊಂಬೆಗಳ ಮೇಲಿನ ನುಣುಪಾದ ಅರಗು ಸುತ್ತಲಿನ ಬಣ್ಣವನ್ನು ಪ್ರತಿಫಲಿಸುತ್ತದೆ. ನೀಲಿ ಹಾಳೆಯ ಮೇಲಿಟ್ಟ ಹಳದಿ ಗೊಂಬೆಯ ಬುಡ ಹಸಿರಾಗಿ ಕಾಣುವುದು ಇದರಿಂದಲೇ. ಅಚ್ಚ ಬಿಳಿಯೂ ಸರಿಹೋಗದು. ಬಣ್ಣ ಹಚ್ಚದ ಹಾಲೆ ಮರದ ಅಂಚು ಅದರಲ್ಲಿ ಕರಗಿಹೋಗುತ್ತದೆ. ಇಡೀ ಕ್ಯಾಟಲಾಗ್‌ಗೆ ತಿಳಿ ಬೂದು ಒಗ್ಗುತ್ತದೆ.

ಬುಡದಲ್ಲಿ #F2F2F2, ಮೇಲಂಚಿನಲ್ಲಿ #D0D0D0: ಇಷ್ಟು ಛಾಯಾಂತರ ಸಾಕು, ಇನ್ನೂ ಗಾಢವಾದರೆ ಕಣ್ಣು ಗೊಂಬೆ ಬಿಟ್ಟು ಹಿನ್ನೆಲೆಗೇ ಹೋಗುತ್ತದೆ. ಬೂದು ಹಾಳೆಯನ್ನು ಗೋಡೆಯಿಂದ ಮೇಜಿಗೆ ಮಡಿಕೆಯಿಲ್ಲದೆ ಇಳಿಬಿಟ್ಟು, ಬೆಳಕನ್ನು ಮುಂಭಾಗಕ್ಕಷ್ಟೇ ಬಿಟ್ಟರೆ ಅದು ತಾನಾಗಿಯೇ ಮೂಡುತ್ತದೆ. ಕಂಪ್ಯೂಟರಿನಲ್ಲಿ ಸೇರಿಸಿದಾಗ ಪಟ್ಟೆಗಳು ಕಂಡರೆ ತುಸು ನಾಯ್ಸ್ ಬೆರೆಸಬೇಕು.

ಫೋಟೊಗಳನ್ನು ಚಿಕ್ಕದಾಗಿಸಿ ಸಾಲಾಗಿಟ್ಟರೆ ಹೊಂದದ್ದು ತಟ್ಟನೆ ಕಣ್ಣಿಗೆ ಬೀಳುತ್ತದೆ. ಬೂದು ಒಂದರಲ್ಲಿ ಹಳದಿಗೆ, ಇನ್ನೊಂದರಲ್ಲಿ ನೀಲಿಗೆ ತಿರುಗಿದ್ದರೆ ತಪ್ಪು ಹಾಳೆಯದಲ್ಲ, ಸ್ವಯಂಚಾಲಿತ ವೈಟ್ ಬ್ಯಾಲೆನ್ಸ್‌ನದು.