‘ಮನೀಗೆ ಹೋಗಾನ ನಡಿ’

“ಅಪ್ಪನ್ನ ಆಶ್ರಮಕ್ಕೆ ಹಾಕೀಯಂತಲ್ಲವ್ವಾ?”

ಹರಿಹರದ ಒಂದು ಮದುವೆಮನೆಯಲ್ಲಿ, ಎಲೆ ಮುಂದೆ ಕೂತಾಗ ದೂರದ ಚಿಕ್ಕಮ್ಮ ಕೇಳಿದರು. ಅವರ ದನಿಯಲ್ಲಿ ಕೊಂಕಿರಲಿಲ್ಲ. ‘ಮಗನ್ನ ಶಾಲೆಗೆ ಹಾಕೀವಿ’ ಅಂದಾಗ ಯಾರಿಗೂ ಚುಚ್ಚದ ಆ ‘ಹಾಕು’ ಎಂಬ ಮಾತು ನನಗೆ ಮಾತ್ರ ಮುಳ್ಳಾಯಿತು. ತುತ್ತು ಗಂಟಲಲ್ಲಿ ಇಳಿಯಲಿಲ್ಲ.

ಅಪ್ಪ ಹರಿಹರದ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ ಲೇತ್ ಮೇಲೆ ದುಡಿದವರು. ಅಮ್ಮ ಹೋದ ಮೇಲೂ ಒಬ್ಬರೇ ಇದ್ದರು. ಒಂದು ಮಧ್ಯಾಹ್ನ ‘ಶಿಫ್ಟ್ ಐತಿ’ ಎಂದು ಹೊರಟವರು ತುಂಗಭದ್ರಾ ಸೇತುವೆಯ ಹತ್ತಿರ ಸಿಕ್ಕಿದರು. ಕಾರ್ಖಾನೆ ಮುಚ್ಚಿ ಎಷ್ಟೋ ವರ್ಷಗಳಾಗಿದ್ದವು. ವೈದ್ಯರು ಅಲ್ಝೈಮರ್ ಎಂದರು. ದಾವಣಗೆರೆಯ ನಮ್ಮ ಎರಡು ಕೋಣೆಯ ಮನೆಗೆ ಕರೆತಂದೆವು.

ಒಂದೂವರೆ ವರ್ಷ ನೋಡಿಕೊಂಡೆವು. ನಾನು ಶಾಲೆಗೆ, ಯಜಮಾನರು ಅಂಗಡಿಗೆ, ಮಗ ಏಳನೇ ತರಗತಿಗೆ, ತಮ್ಮ ಬೆಂಗಳೂರಿನಲ್ಲಿ. ಹಗಲಿಗೆಂದು ಗೊತ್ತುಮಾಡಿದ ಇಬ್ಬರು ಒಬ್ಬರ ಹಿಂದೊಬ್ಬರು ಬಿಟ್ಟು ಹೋದರು. ರಾತ್ರಿ ಅಪ್ಪ ಮೂರು ನಾಲ್ಕು ಸಲ ಏಳುತ್ತಿದ್ದರು, ಗ್ಯಾಸಿನ ತಿರುಪು ತಿರುಗಿಸುತ್ತಿದ್ದರು. ಒಮ್ಮೆ ಬಚ್ಚಲಲ್ಲಿ ಬಿದ್ದಾಗ ಮನೆಯಲ್ಲಿದ್ದದ್ದು ನಾನು, ಮಗ ಇಬ್ಬರೇ. ಎತ್ತಲು ಆಗದೆ ಪಕ್ಕದ ಮನೆಯವರನ್ನು ಕೂಗಿದೆ.

ಆದರೆ ನನ್ನನ್ನು ನಿರ್ಧಾರಕ್ಕೆ ತಂದದ್ದು ಅದಲ್ಲ. ಒಂದು ರಾತ್ರಿ, ನಾಲ್ಕನೇ ಸಲ ಬಾಗಿಲು ಬಡಿಯುತ್ತಿದ್ದ ಅಪ್ಪನ ಮೇಲೆ ನಾನು ಕೈ ಎತ್ತಿದೆ. ಹೊಡೆಯಲಿಲ್ಲ. ಅಪ್ಪ ಮಾತ್ರ ಮುಖಕ್ಕೆ ಕೈ ಅಡ್ಡ ಹಿಡಿದಿದ್ದರು. ಬೆಳಿಗ್ಗೆ ತಮ್ಮನಿಗೆ ಫೋನ್ ಮಾಡಿದೆ.

ಹುಡುಕಲು ಹೊರಟಾಗ ಗೊತ್ತಾದ ಸಂಗತಿ ಒಂದಿದೆ. ಎಷ್ಟೋ ವೃದ್ಧಾಶ್ರಮಗಳು ತಮ್ಮ ಸ್ನಾನ, ಶೌಚ ತಾವೇ ಮಾಡಿಕೊಳ್ಳಬಲ್ಲವರನ್ನಷ್ಟೇ ಸೇರಿಸಿಕೊಳ್ಳುತ್ತವೆ. ಮರೆವಿನ ಕಾಯಿಲೆಯವರನ್ನು, ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಜಾಗವೇ ಬೇರೆ. ಆದ್ದರಿಂದ ಮೊದಲು ಕೇಳಬೇಕಾದದ್ದು ಕೋಣೆ ಹೇಗಿದೆ ಎಂದಲ್ಲ. ‘ರಾತ್ರಿ ಎಚ್ಚರ ಇರೋರು ಎಷ್ಟು ಜನ?’ ಎಂದು. ಇಂಥದೊಂದು ಜಾಗ ಊರ ಹೊರಗೆ ಸಿಕ್ಕಿತು.

ಯಾವ ಮನೆ?

ಬಿಟ್ಟು ಬಂದ ಮೂರನೇ ದಿನ ಸಂಜೆ, ಶಾಲೆ ಮುಗಿಸಿ ಓಡಿದೆ. ಅಪ್ಪ ನನ್ನ ಸೆರಗು ಹಿಡಿದು, “ಮನೀಗೆ ಹೋಗಾನ ನಡಿ” ಎಂದರು. ಬಿಡಿಸಿಕೊಂಡು ಹೊರಬರುವಷ್ಟರಲ್ಲಿ ಜೀವ ಅರ್ಧವಾಗಿತ್ತು. ಬಸ್ಸಿನಲ್ಲಿ ದಾರಿಯುದ್ದಕ್ಕೂ ಅತ್ತೆ. ಮರುದಿನವೇ ವಾಪಸ್ ಕರೆತರುವುದೆಂದು ತೀರ್ಮಾನಿಸಿದೆ.

ವೈದ್ಯರಿಗೆ ಹೇಳಿದಾಗ ಅವರು ಒಂದೇ ಪ್ರಶ್ನೆ ಕೇಳಿದರು: “ನಿಮ್ಮ ಮನೆಯಲ್ಲಿದ್ದಾಗ ಈ ಮಾತು ಹೇಳ್ತಿರಲಿಲ್ವಾ?”

ಹೇಳುತ್ತಿದ್ದರು! ದಿನಾ ಸಂಜೆ, ನನ್ನದೇ ಪಡಸಾಲೆಯಲ್ಲಿ ಕೂತು, ಇದೇ ಮಾತು. ಆಗ ನಾನು ಹರಿಹರದ ಮನೆ ಎಂದುಕೊಂಡು ಒಂದು ಭಾನುವಾರ ಅಲ್ಲಿಗೂ ಕರೆದೊಯ್ದಿದ್ದೆ. ಅಲ್ಲಿಯೂ ಸಂಜೆಯಾಗುತ್ತಿದ್ದಂತೆ ‘ಮನೀಗೆ ಹೋಗಾನ ನಡಿ’.

ವೈದ್ಯರು ಬಿಡಿಸಿ ಹೇಳಿದರು. ಈ ಕಾಯಿಲೆಯಲ್ಲಿ ಮೊದಲು ಅಳಿಸಿಹೋಗುವುದು ಹೊಸ ನೆನಪು. ಹಳೆಯವು ಹೆಚ್ಚು ದಿನ ಉಳಿಯುತ್ತವೆ. ಬೆಳಕು ಕಡಿಮೆಯಾಗಿ ದಣಿವು ಹೆಚ್ಚುವ ಸಂಜೆಯಲ್ಲಿ ಗಲಿಬಿಲಿ, ಭಯ ಏರುತ್ತವೆ. ಆಗ ‘ಮನೆ’ ಎಂದರೆ ಒಂದು ವಿಳಾಸ ಅಲ್ಲ, ಭಯವಿಲ್ಲದ ಜಾಗ. ಎಷ್ಟೋ ಸಲ ಅದು ಬಾಲ್ಯದ ಮನೆ. ಅಲ್ಲಿಗೆ ಕರೆದೊಯ್ಯಲು ಯಾವ ಮಗಳಿಂದಲೂ ಆಗದು.

ಆದ್ದರಿಂದ ‘ಇದೇ ನಿನ್ನ ಮನೆ’ ಎಂದು ವಾದಿಸುವುದೂ ಬೇಡ, ‘ನಾಳೆ ಕರ್ಕೊಂಡು ಹೋಗ್ತೀನಿ’ ಎಂಬ ಸುಳ್ಳೂ ಬೇಡ ಎಂದರು. ಮುಂದಿನ ಸಲ ನಾನು, “ಮನೇಲಿ ಯಾರ್ಯಾರು ಇದ್ರಪ್ಪಾ?” ಎಂದೆ. ಅಪ್ಪ ತಮ್ಮ ಅವ್ವನ ರೊಟ್ಟಿ, ಹೊಳೆದಂಡೆ, ಕುಂಟ ಎತ್ತಿನ ಕಥೆ ತೆಗೆದರು. ಹತ್ತು ನಿಮಿಷದಲ್ಲಿ ಸೆರಗು ಹಿಡಿದ ಕೈ ಸಡಿಲವಾಯಿತು.

ಹೋಗುವ ಹೊತ್ತನ್ನೂ ಬದಲಿಸಿದೆ. ಈಗ ಭಾನುವಾರ ಬೆಳಿಗ್ಗೆ ಹತ್ತೂವರೆಗೆ, ಅವರ ಸ್ನಾನ ಮುಗಿದ ಮೇಲೆ ಹೋಗುತ್ತೇನೆ. ಸುಮ್ಮನೆ ಎದುರು ಕೂರುವುದಿಲ್ಲ. ಗಡ್ಡ ಹೆರೆಯುತ್ತೇನೆ, ಉಗುರು ತೆಗೆಯುತ್ತೇನೆ. ದೊಡ್ಡ ಗಾತ್ರದ ನಟ್ಟು ಬೋಲ್ಟುಗಳನ್ನು ಡಬ್ಬಿಯಲ್ಲಿ ಒಯ್ದರೆ, ಲೇತ್ ಹಿಡಿದ ಆ ಬೆರಳುಗಳು ಒಂದೊಂದನ್ನೂ ಜೋಡಿಸುತ್ತವೆ. ಊಟದ ತಟ್ಟೆ ಬರುತ್ತಿದ್ದಂತೆ, ‘ಬರ್ತೀನಿ’ ಎಂದು ಎಳೆದಾಡದೆ ಹೊರಡುತ್ತೇನೆ. ಅವರ ಗಮನ ಅನ್ನದ ಕಡೆ ಇರುತ್ತದೆ.

ಕೆಲಸಕ್ಕೆ ಬರುವ ತಪ್ಪಿನ ಭಾವ

ತಪ್ಪಿನ ಭಾವ ಅಷ್ಟಕ್ಕೇ ಹೋಗಲಿಲ್ಲ. ಆದರೆ ಅದರಲ್ಲಿ ಎರಡು ಬಗೆ ಇದೆ ಎಂದು ತಿಳಿಯಿತು. ಒಂದು, ‘ಏನೋ ಸರಿಯಿಲ್ಲ, ನೋಡು’ ಎನ್ನುತ್ತದೆ. ಅದನ್ನು ಕೇಳಬೇಕು.

ಒಂದು ಭಾನುವಾರ ಕಾಲುಚೀಲ ತೆಗೆದಾಗ ಅಪ್ಪನ ಎಡ ಹಿಮ್ಮಡಿ ಕಪ್ಪುಗಟ್ಟಿತ್ತು. ಮುಟ್ಟಿದರೆ ಸುತ್ತಲಿನ ಚರ್ಮಕ್ಕಿಂತ ಬಿಸಿ, ಗಟ್ಟಿ. ಒಂದೇ ಭಂಗಿಯಲ್ಲಿ ಹೆಚ್ಚು ಹೊತ್ತು ಮಲಗಿದವರಿಗೆ ಬರುವ ಹಾಸಿಗೆ ಹುಣ್ಣು ಹೀಗೆ ಶುರುವಾಗುತ್ತದೆ. ಬಿಳಿ ಚರ್ಮದವರಲ್ಲಿ ಅದು ಕೆಂಪಾಗಿ ಕಾಣುತ್ತದೆ, ಬೆರಳಿಂದ ಒತ್ತಿದರೂ ಬೆಳ್ಳಗಾಗುವುದಿಲ್ಲ. ನಮ್ಮ ಕಪ್ಪು ಚರ್ಮದಲ್ಲಿ ಕೆಂಪು ಕಾಣದೇ ಹೋಗಬಹುದು, ಮುಟ್ಟಿಯೇ ನೋಡಬೇಕು. ಹಿಮ್ಮಡಿ, ಸೊಂಟದ ಕೆಳಗಿನ ಮೂಳೆ, ತೊಡೆಯ ಮೇಲ್ತುದಿಯ ಸೊಂಟದ ಬದಿ ಮುಖ್ಯವಾಗಿ.

ಮೇಲ್ವಿಚಾರಕಿಯನ್ನು ಕರೆದು ತೋರಿಸಿದೆ. ಜಗಳವಾಡಲಿಲ್ಲ. ಹಾಸಿಗೆಯಲ್ಲಿದ್ದಾಗ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಮೀನಖಂಡದ ಕೆಳಗೆ ದಿಂಬಿಟ್ಟು ಹಿಮ್ಮಡಿ ಹಾಸಿಗೆಗೆ ತಾಗದಂತೆ ಮಾಡಿದರು. ಹುಣ್ಣು ಒಡೆಯಲಿಲ್ಲ. ಅಂದಿನಿಂದ ತಿಂಗಳಿಗೊಮ್ಮೆ ತೂಕ ಕೇಳುತ್ತೇನೆ. ಹಗಲಲ್ಲಿ ಇದ್ದಕ್ಕಿದ್ದಂತೆ ತೂಕಡಿಕೆ ಹೆಚ್ಚಾದರೆ, ಮಾತ್ರೆ ಬದಲಾಗಿದೆಯೇ, ಸೋಂಕು ಇದೆಯೇ ಎಂದು ವಿಚಾರಿಸುತ್ತೇನೆ. ಒಮ್ಮೊಮ್ಮೆ ಹೇಳದೆಯೂ ಹೋಗುತ್ತೇನೆ. ರಾತ್ರಿ ನಿದ್ದೆಗೆಟ್ಟು ಕೈ ಎತ್ತಿದ್ದ ಮಗಳಿಗೆ ಆ ಹಿಮ್ಮಡಿ ಕಾಣುತ್ತಿತ್ತೇ? ನನಗೆ ಅನುಮಾನ.

ಇನ್ನೊಂದು ಬಗೆಯ ಭಾವ, ‘ನೀನು ಕೈಬಿಟ್ಟೆ’ ಎನ್ನುತ್ತದೆ. ಹಿರಿಯ ನಾಗರಿಕರಿಗಾಗಿ 2007ರಲ್ಲಿ ಬಂದ ಕಾಯ್ದೆ ಈ ‘ಕೈಬಿಡುವುದು’ ಏನೆಂದು ಹೇಳಿದೆ. ಪೂರ್ತಿಯಾಗಿ ತೊರೆಯುವ ಉದ್ದೇಶದಿಂದ ಹಿರಿಯರನ್ನು ಎಲ್ಲಾದರೂ ಬಿಟ್ಟುಹೋದರೆ ಮೂರು ತಿಂಗಳವರೆಗೆ ಜೈಲು, 5000 ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಅಲ್ಲಿರುವ ಮುಖ್ಯ ಮಾತು ‘ಪೂರ್ತಿಯಾಗಿ ತೊರೆಯುವ ಉದ್ದೇಶ’. ಖರ್ಚು ಕೊಟ್ಟು, ವಾರವಾರ ಹೋಗಿ, ಉಗುರು ತೆಗೆದು ಬರುವುದು ಅದಲ್ಲ. ಹಾಗಾದರೆ ಎದೆಯಲ್ಲಿ ಉಳಿದಿರುವ ಭಾರ ಏನು? ಅದು ತಪ್ಪಲ್ಲ, ದುಃಖ. ಅಪ್ಪ ಇದ್ದಾರೆ, ನನ್ನನ್ನು ಹೆಸರು ಹಿಡಿದು ಕರೆಯುತ್ತಿದ್ದ ಅಪ್ಪ ಇಲ್ಲ. ಅವರು ನಮ್ಮ ಮನೆಯಲ್ಲೇ ಇದ್ದಿದ್ದರೂ ಈ ದುಃಖ ಇರುತ್ತಿತ್ತು.

ಒಂದು ಭಾನುವಾರ ಹಿಂದಿರುಗುವಾಗ ಬಸ್ಸಿನಲ್ಲಿ ಮಗ ಕೇಳಿದ: “ಅಮ್ಮಾ, ನಿಂಗೆ ವಯಸ್ಸಾದ್ಮೇಲೆ ನಾನೂ ನಿನ್ನ ಅಲ್ಲಿಗೇ ಹಾಕ್ಬೇಕಾ?”

ಏನು ಹೇಳಲಿ? ‘ಹಾಗೆಲ್ಲ ಅನ್ಬಾರ್ದು’ ಎಂದು ಬಾಯಿ ಮುಚ್ಚಿಸಬಹುದಿತ್ತು. “ಮನೇಲಿ ನೋಡ್ಕೊಳ್ಳೋಕೆ ಆಗೋವರೆಗೂ ನೋಡ್ಕೋ. ಆಗದೇ ಇದ್ರೆ ಅಲ್ಲಿಗೆ ಸೇರಿಸು. ಆದ್ರೆ ಭಾನುವಾರ ತಪ್ಪಿಸಬೇಡ” ಎಂದೆ.

ಅವನು ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದ. ಆಮೇಲೆ ಕೇಳಿದ: “ನಿಂಗೆ ನಟ್ಟು ಬೋಲ್ಟು ಬೇಡ ಅಲ್ವಾ? ಏನು ತರ್ಲಿ?”