ಬ್ಯಾಂಕಿನಿಂದ ಹೋದ ಜಿಎಸ್‌ಟಿ ಹಣ ಲೆಡ್ಜರಿಗೆ ಬಾರದಿದ್ದರೆ

ದಾವಣಗೆರೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಒಬ್ಬರು ಮೇ ತಿಂಗಳ ಜಿಎಸ್‌ಟಿ ಕಟ್ಟಬೇಕಿದೆ ಎಂದುಕೊಳ್ಳಿ. ಜಿಎಸ್‌ಟಿಆರ್-3ಬಿ ರಿಟರ್ನ್ ಸಲ್ಲಿಸಲು ಜೂನ್ 20 ಕಡೆಯ ದಿನ. ಅಂದು ಸಂಜೆ ಅವರು ಪೋರ್ಟಲಿನಲ್ಲಿ 84,000 ರೂಪಾಯಿಗೆ ಚಲನ್ ತೆಗೆದು ನೆಟ್ ಬ್ಯಾಂಕಿಂಗ್ ಮೂಲಕ ಹಣ ಕಟ್ಟುತ್ತಾರೆ. ಖಾತೆಯಿಂದ ಹಣ ಹೋಗಿದೆ ಎಂದು ಮೊಬೈಲಿಗೆ ಸಂದೇಶ ಬರುತ್ತದೆ. ಅಷ್ಟರಲ್ಲಿ ಪರದೆ ನಿಂತುಹೋಗುತ್ತದೆ. ಮತ್ತೆ ಲಾಗಿನ್ ಆಗಿ ನೋಡಿದರೆ ಎಲೆಕ್ಟ್ರಾನಿಕ್ ಕ್ಯಾಶ್ ಲೆಡ್ಜರಿನಲ್ಲಿ ಬಾಕಿ ಸೊನ್ನೆ. ಲೆಡ್ಜರಿನಲ್ಲಿ ಹಣವಿಲ್ಲದೆ ರಿಟರ್ನ್ ಸಲ್ಲಿಸಲಾಗದು. ಇನ್ನೊಂದು ಚಲನ್ ತೆಗೆದು ಮತ್ತೆ 84,000 ಕಟ್ಟಿಬಿಡೋಣ ಅನ್ನಿಸುವುದು ಇಂಥ ಹೊತ್ತಿನಲ್ಲೇ. ಆದರೆ ಕೈ ತಡೆದು ಮೊದಲು ಹಣ ಎಲ್ಲಿ ನಿಂತಿದೆ ಎಂದು ನೋಡಬೇಕು.

ಅದನ್ನು ತಿಳಿಯಲು ಎರಡು ಸಂಖ್ಯೆಗಳ ಪರಿಚಯ ಸಾಕು. ಪೋರ್ಟಲಿನಲ್ಲಿ ಚಲನ್ ತಯಾರಾದಾಗ ಅದಕ್ಕೆ 14 ಅಂಕಿಗಳ CPIN ಸಿಗುತ್ತದೆ. ಇಷ್ಟು ತೆರಿಗೆ ಕಟ್ಟಲು ಹೊರಟಿದ್ದೇವೆ ಎಂಬುದಕ್ಕೆ ಅದು ಗುರುತು, ಹಣ ಕಟ್ಟಿದ್ದಕ್ಕೆ ಸಾಕ್ಷಿಯಲ್ಲ. ಹಣವನ್ನು ಸರ್ಕಾರದ ಖಾತೆಗೆ ಜಮಾ ಮಾಡಿದ ಮೇಲೆ ಬ್ಯಾಂಕು CIN ಕೊಡುತ್ತದೆ. CPINನ 14 ಅಂಕಿಗಳ ಮುಂದೆ ಬ್ಯಾಂಕಿನ ಮೂರು ಅಕ್ಷರಗಳ ಸಂಕೇತ ಸೇರಿದರೆ ಅದೇ CIN. ಬ್ಯಾಂಕು ಈ ಸಂಖ್ಯೆಯನ್ನು ಪೋರ್ಟಲಿಗೆ ಕಳಿಸಿದಾಗ ಮಾತ್ರ ಲೆಡ್ಜರಿನಲ್ಲಿ ಹಣ ಮೂಡುತ್ತದೆ.

ಹಾಗಾಗಿ ಹಣ ಕಡಿತವಾಗಿಯೂ ಲೆಡ್ಜರಿಗೆ ಬರದಿರಲು ಮುಖ್ಯವಾಗಿ ಎರಡು ಕಾರಣಗಳಿವೆ. ಮೊದಲನೆಯದು, ನಿಮ್ಮ ಖಾತೆಯಿಂದ ಹಣ ಹೊರಟರೂ ಬ್ಯಾಂಕಿನೊಳಗೇ ವ್ಯವಹಾರ ಅರ್ಧಕ್ಕೆ ನಿಂತು CIN ಹುಟ್ಟದೇ ಇರುವುದು. ಎರಡನೆಯದು, CIN ಹುಟ್ಟಿ ಹಣ ಸರ್ಕಾರಕ್ಕೆ ಸೇರಿದ್ದರೂ ಆ ಸುದ್ದಿ ಪೋರ್ಟಲಿಗೆ ಮುಟ್ಟದೇ ಇರುವುದು. ತೆರಿಗೆದಾರರ ಕಣ್ಣಿಗೆ ಎರಡೂ ಒಂದೇ ತರಹ ಕಾಣುತ್ತವೆ, ಆದರೆ ಪರಿಣಾಮ ಬೇರೆ. ಮೊದಲನೆಯದರಲ್ಲಿ ತೆರಿಗೆ ಇನ್ನೂ ಕಟ್ಟಿದಂತಾಗಿಲ್ಲ, ಹಣ ನಿಮ್ಮ ಖಾತೆಗೇ ವಾಪಸಾಗಬಹುದು. ಎರಡನೆಯದರಲ್ಲಿ ತೆರಿಗೆ ಕಟ್ಟಿಯಾಗಿದೆ, ಲೆಕ್ಕಕ್ಕೆ ಬರುವುದಷ್ಟೇ ಬಾಕಿ.

ಯಾವುದು ನಡೆದಿದೆ ಎಂದು ತಿಳಿಯಲು ಎರಡೂ ಕಡೆ ನೋಡಬೇಕು. ಪೋರ್ಟಲಿನ ಮುಖಪುಟದಲ್ಲಿ Services > Payments ಅಡಿಯಲ್ಲಿ Track Payment Status ಇದೆ. ಲಾಗಿನ್ ಆಗದೆಯೂ ಜಿಎಸ್‌ಟಿ ನೋಂದಣಿ ಸಂಖ್ಯೆ ಮತ್ತು CPIN ಕೊಟ್ಟು ಅಲ್ಲಿ ಚಲನ್ ಸ್ಥಿತಿ ನೋಡಬಹುದು. PAID ಎಂದಿದ್ದರೆ ಸುದ್ದಿ ತಲುಪಿದೆ. INITIATED ಎಂದೇ ಉಳಿದಿದ್ದರೆ ಬ್ಯಾಂಕಿನಿಂದ ಇನ್ನೂ ಏನೂ ಬಂದಿಲ್ಲ. AWAITING BANK CONFIRMATION ಎಂದಿದ್ದರೆ, ಇಬ್ಬರು ಒಪ್ಪಿಗೆ ಕೊಡಬೇಕಾದ ಸಂಸ್ಥೆಯ ಖಾತೆಯಲ್ಲಿ ಎರಡನೆಯವರು ಇನ್ನೂ ಒಪ್ಪಿಲ್ಲದಿರಬಹುದು. ಆಗ ಹಣ ನಿಜಕ್ಕೂ ಕಡಿತವಾಗಿದೆಯೇ ಎಂದು ಖಾತೆ ವಿವರದಲ್ಲಿ ನೋಡಿ. ಇನ್ನು ಬ್ಯಾಂಕಿನ ಕಡೆ, ನೆಟ್ ಬ್ಯಾಂಕಿಂಗ್ ರಸೀದಿಯಲ್ಲಿ CIN ಇದೆಯೇ ಎಂದು ಹುಡುಕಿ. ಅಲ್ಲಿ CIN ಇದ್ದು ಪೋರ್ಟಲಿನಲ್ಲಿ ಇಲ್ಲದಿದ್ದರೆ ನಿಮ್ಮದು ಎರಡನೆಯ ಕಾರಣ.

ಎನ್ಇಎಫ್‌ಟಿ ಅಥವಾ ಆರ್‌ಟಿಜಿಎಸ್ ಮೂಲಕ ಕಟ್ಟುವವರು ಇನ್ನೊಂದು ವಿಷಯ ಗಮನಿಸಬೇಕು. ಇಲ್ಲಿ ಹಣ ರಿಸರ್ವ್ ಬ್ಯಾಂಕಿಗೆ ಹೋಗುತ್ತದೆ, ಮತ್ತು CPIN ಅನ್ನೇ ಖಾತೆ ಸಂಖ್ಯೆಯ ಜಾಗದಲ್ಲಿ ಬರೆಯಬೇಕು. ಒಂದು ಅಂಕಿ ತಪ್ಪಿದರೂ, ಮೊತ್ತದಲ್ಲಿ ಒಂದು ರೂಪಾಯಿ ಹೆಚ್ಚುಕಡಿಮೆಯಾದರೂ, ಚಲನಿನ 15 ದಿನಗಳ ಅವಧಿ ಮುಗಿದಿದ್ದರೂ ಚಲನಿಗೂ ಹಣಕ್ಕೂ ತಾಳೆಯಾಗುವುದಿಲ್ಲ. ಎಲ್ಲವೂ ಸರಿಯಿದ್ದೂ ಲೆಡ್ಜರಿಗೆ ಬಾರದಿದ್ದರೆ, ಬ್ಯಾಂಕು ಕೊಟ್ಟ UTR ಸಂಖ್ಯೆಯನ್ನು ಪೋರ್ಟಲಿನಲ್ಲಿ ಆ ಚಲನಿಗೆ ಜೋಡಿಸಲು ಅವಕಾಶವಿದೆ.

ಹಣ ಕಡಿತವಾಗಿ 24 ಗಂಟೆ ಕಳೆದರೂ ಲೆಡ್ಜರ್ ಬದಲಾಗದಿದ್ದರೆ ದೂರು ಸಲ್ಲಿಸಬೇಕು. ಅದಕ್ಕಾಗಿಯೇ PMT-07 ಎಂಬ ನಮೂನೆ ಇದೆ. ಪೋರ್ಟಲಿನಲ್ಲಿ Services > Payments > Grievance against Payment(GST PMT-07) ತೆರೆದು CPIN, ಮೊತ್ತ, ಕಟ್ಟಿದ ಬಗೆ ಮತ್ತು ಬ್ಯಾಂಕಿನ ವ್ಯವಹಾರ ಸಂಖ್ಯೆ ತುಂಬಬೇಕು. ಜಿಎಸ್‌ಟಿ ನಿಯಮ 87ರ 8ನೇ ಉಪನಿಯಮದ ಪ್ರಕಾರ ಈ ದೂರು ಹೋಗುವುದು ಹಣ ಕಟ್ಟಿದ ಬ್ಯಾಂಕಿಗೆ ಅಥವಾ ಪಾವತಿ ಗೇಟ್‌ವೇಗೆ. ತೆರಿಗೆ ಅಧಿಕಾರಿಯ ಕಚೇರಿಗೆ ಅಲೆದು ಇದನ್ನು ಸರಿಪಡಿಸಲಾಗದು. ಸಲ್ಲಿಸಿದ ಮೇಲೆ ಸಿಗುವ ದೂರಿನ ಸಂಖ್ಯೆಯನ್ನು ಬ್ಯಾಂಕಿನ ಶಾಖೆಗೂ ಬರಹದಲ್ಲಿ ಕೊಟ್ಟರೆ ಕೆಲಸ ಸುಲಭ. ಬ್ಯಾಂಕು ಸುದ್ದಿ ಕಳಿಸದೇ ಹೋದರೂ ಇನ್ನೊಂದು ದಾರಿ ಈಗ ನಿಯಮದಲ್ಲೇ ಇದೆ. ರಿಸರ್ವ್ ಬ್ಯಾಂಕಿನ ಇ-ಸ್ಕ್ರೋಲ್, ಅಂದರೆ ಜಮಾಗಳ ಪಟ್ಟಿ, ನಿಮ್ಮ ಚಲನಿನ ವಿವರಕ್ಕೆ ತಾಳೆಯಾದರೆ ಅದರ ಆಧಾರದ ಮೇಲೆ ಲೆಡ್ಜರ್ ತುಂಬಬಹುದು.

ಅಷ್ಟರಲ್ಲಿ ಕಡೆಯ ದಿನ ದಾಟಿದರೆ ಎಷ್ಟು ನಷ್ಟ? ನಮ್ಮ ಅಂಗಡಿಯವರ ಹಣ ಲೆಡ್ಜರಿಗೆ ಜೂನ್ 22ಕ್ಕೆ ಬಂದು, ಅಂದೇ ರಿಟರ್ನ್ ಹೋಯಿತು ಎನ್ನೋಣ. ದಿನಕ್ಕೆ 50 ರೂಪಾಯಿಯಂತೆ ಎರಡು ದಿನದ ತಡ ಶುಲ್ಕ 100 ರೂಪಾಯಿ. ವರ್ಷಕ್ಕೆ ಶೇ. 18ರ ಬಡ್ಡಿ ಎಂದರೂ 84,000 ರೂಪಾಯಿಗೆ ಎರಡು ದಿನಕ್ಕೆ ಸುಮಾರು 83 ರೂಪಾಯಿ. ಎರಡೂ ಸೇರಿ 183. ಗಾಬರಿಯಲ್ಲಿ ಮತ್ತೊಮ್ಮೆ ಕಟ್ಟಿದ್ದರೆ 84,000 ರೂಪಾಯಿಯೇ ಸಿಕ್ಕಿಕೊಳ್ಳುತ್ತಿತ್ತು. ಹೆಚ್ಚಾದ ಹಣ ಲೆಡ್ಜರಿನಲ್ಲಿ ಮುಂದಿನ ತೆರಿಗೆಗೆ ಉಳಿಯುತ್ತದೆ, RFD-01 ಅರ್ಜಿ ಹಾಕಿ ಮರುಪಾವತಿಯನ್ನೂ ಕೇಳಬಹುದು. ಆದರೆ ಅಲ್ಲಿಯವರೆಗೆ ಅದು ವ್ಯಾಪಾರದ ಕೈಗೆ ಸಿಗುವುದಿಲ್ಲ. ತೆರಿಗೆ ಮೊತ್ತ ದೊಡ್ಡದಿದ್ದು ಹಣ ಹಲವು ದಿನ ಬರದಿದ್ದರೆ, ಅಥವಾ CIN ಹುಟ್ಟೇ ಇಲ್ಲ ಎಂದು ಬ್ಯಾಂಕು ಖಚಿತವಾಗಿ ಹೇಳಿದರೆ, ಮತ್ತೆ ಕಟ್ಟುವುದೇ ಸರಿ.

ಆ 83 ರೂಪಾಯಿ ಬಡ್ಡಿಯೂ ಎಲ್ಲ ಸಂದರ್ಭದಲ್ಲಿ ಬೀಳುವುದಿಲ್ಲ. ಸರ್ಕಾರದ ಖಾತೆಗೆ ಹಣ ಜಮಾ ಆದ ದಿನವನ್ನೇ ಕ್ಯಾಶ್ ಲೆಡ್ಜರಿಗೆ ಜಮಾ ಆದ ದಿನವೆಂದು ಭಾವಿಸಬೇಕು ಎಂದು ಜಿಎಸ್‌ಟಿ ಕಾಯಿದೆಯ 49ನೇ ಸೆಕ್ಷನ್ ಹೇಳುತ್ತದೆ. ಕಡೆಯ ದಿನದೊಳಗೆ ಲೆಡ್ಜರಿಗೆ ಜಮಾ ಆಗಿ, ರಿಟರ್ನ್ ಸಲ್ಲಿಸುವವರೆಗೂ ಅಲ್ಲೇ ಇದ್ದ ಮೊತ್ತಕ್ಕೆ ಬಡ್ಡಿ ಲೆಕ್ಕ ಹಾಕಬಾರದು ಎಂದು 2024ರಲ್ಲಿ ನಿಯಮ 88ಬಿಗೆ ಸೇರಿಸಲಾಗಿದೆ. ಎರಡನ್ನೂ ಜೊತೆಗಿಟ್ಟು ಓದಿದರೆ, ಬ್ಯಾಂಕು ಜೂನ್ 20ರಂದೇ ಹಣ ಜಮಾ ಮಾಡಿ ಸುದ್ದಿಯನ್ನಷ್ಟೇ 22ಕ್ಕೆ ಕಳಿಸಿದ್ದರೆ ಬಡ್ಡಿ ಕೇಳಲು ಆಧಾರವಿಲ್ಲ. ಲೆಡ್ಜರಿನಲ್ಲಿ ಜಮಾ ದಿನಾಂಕಕ್ಕೂ ಬ್ಯಾಂಕು ವರದಿ ಮಾಡಿದ ದಿನಾಂಕಕ್ಕೂ ಬೇರೆ ಬೇರೆ ಕಾಲಂಗಳಿವೆ, ವ್ಯತ್ಯಾಸ ಅಲ್ಲೇ ಕಾಣುತ್ತದೆ. ಬಡ್ಡಿಗೆ ನೋಟಿಸ್ ಬಂದರೆ ಆ ಪುಟ, ಬ್ಯಾಂಕಿನ ರಸೀದಿ ಮತ್ತು PMT-07 ದೂರಿನ ಸಂಖ್ಯೆಯನ್ನು ಲಗತ್ತಿಸಿ ಉತ್ತರ ಕೊಡಿ. ಆದರೆ ರಿಟರ್ನ್ ತಡವಾದದ್ದಕ್ಕೆ ತಡ ಶುಲ್ಕ ಬೇರೆಯೇ ಇದೆ, ಈ ವಾದದಿಂದ ಅದು ಮಾಫಿಯಾಗದು.

ಸುದ್ದಿ ಮುಟ್ಟಿಸುವುದು ಬ್ಯಾಂಕಿನ ಕರ್ತವ್ಯ. ಅದರ ತಪ್ಪಿಗೆ ಸಣ್ಣ ವ್ಯಾಪಾರಿ ತಡ ಶುಲ್ಕ ತೆರುವುದು ನ್ಯಾಯವಲ್ಲ, ನಿಯಮ ಇಲ್ಲಿ ಇನ್ನೂ ಬದಲಾಗಬೇಕು. ಬದಲಾಗುವವರೆಗೆ ಕಡೆಯ ಸಂಜೆಗೆ ಕಾಯದೆ 17, 18ನೇ ತಾರೀಕಿಗೇ ಹಣ ಕಟ್ಟಿ. ಬ್ಯಾಂಕಿನ ರಸೀದಿಯಲ್ಲಿ CIN ಕಂಡ ಮೇಲಷ್ಟೇ ತೆರಿಗೆ ಕಟ್ಟಿದೆವು ಎಂದುಕೊಳ್ಳಿ.