ಕಟಾರಿಯ ಬಲ ಅಲಗಿನಲ್ಲಿಲ್ಲ, ಹಿಡಿಯಲ್ಲಿದೆ

ಮೊಘಲ್ ಕಾಲದ ಚಿತ್ರಗಳಲ್ಲಿ ದರ್ಬಾರಿನವರ ನಡುಪಟ್ಟಿಗೆ ಓರೆಯಾಗಿ ಸಿಕ್ಕಿಸಿದ ಒಂದು ವಿಚಿತ್ರ ಹಿಡಿ ಕಾಣುತ್ತದೆ. ಉದ್ದಕ್ಕೆ ಎರಡು ಪಟ್ಟಿ, ಅವನ್ನು ಜೋಡಿಸುವ ಎರಡು ಅಡ್ಡಕಂಬಿ. ನೋಡಲು ಇಂಗ್ಲಿಷಿನ ‘ಎಚ್’ ಅಕ್ಷರದಂತೆ. ಅದೇ ಕಟಾರಿ. ಇದರ ಹಳೆಯ ಮಾದರಿಗಳು ವಿಜಯನಗರ ಮತ್ತು ತಂಜಾವೂರಿನ ಕಡೆಯವು.

ಸಾಮಾನ್ಯ ಬಾಕುವಿನ ಹಿಡಿ ಮತ್ತು ಅಲಗು ಒಂದೇ ಗೆರೆಯಲ್ಲಿರುತ್ತವೆ. ಅದನ್ನು ಮುಷ್ಟಿಯಲ್ಲಿ ಹಿಡಿದರೆ ಅಲಗು ಮುಂಗೈಗೆ ಅಡ್ಡವಾಗಿ ನಿಲ್ಲುತ್ತದೆ. ಮುಂದಕ್ಕೆ ತಿವಿಯಬೇಕಾದರೆ ಮಣಿಕಟ್ಟನ್ನು ಬಾಗಿಸಬೇಕು. ಗಟ್ಟಿ ವಸ್ತು ತಗುಲಿದರೆ ಮೊದಲು ಸೋಲುವುದೂ ಆ ಬಾಗಿದ ಮಣಿಕಟ್ಟೇ. ಕಟಾರಿಯಲ್ಲಿ ಹಿಡಿಯುವುದು ಅಲಗಿಗೆ ಅಡ್ಡಲಾಗಿರುವ ಕಂಬಿಗಳನ್ನು. ಹಾಗಾಗಿ ಅಲಗು ಗೆಣ್ಣುಗಳ ಮುಂದೆ, ಮುಂಗೈಯ ನೇರಕ್ಕೇ ಚಾಚಿಕೊಳ್ಳುತ್ತದೆ. ಗುದ್ದಿದಾಗ ಭುಜದ, ಮೈಯ ತೂಕವೆಲ್ಲ ನೇರವಾಗಿ ಮೊನೆಗೆ ಹೋಗುತ್ತದೆ.

ಆದರೆ ಮೊನೆ ಯಾವಾಗಲೂ ನೇರವಾಗಿ ತಾಗುವುದಿಲ್ಲ, ಜಾರುತ್ತದೆ. ಪಕ್ಕದ ಪಟ್ಟಿಗಳು ಇರುವುದು ಅದಕ್ಕೇ. ಮುಷ್ಟಿಯಿಂದ 25 ಸೆಂ.ಮೀ. ಮುಂದಿರುವ ಮೊನೆಯನ್ನು 4 ಕೆ.ಜಿ. ಭಾರದಷ್ಟು ಬಲ ಪಕ್ಕಕ್ಕೆ ತಳ್ಳಿತು ಎಂದುಕೊಳ್ಳಿ. ಪಟ್ಟಿಗಳು ಮುಷ್ಟಿಯ ಹಿಂದಕ್ಕೆ 10 ಸೆಂ.ಮೀ. ಚಾಚಿದ್ದರೆ, ಅವುಗಳ ತುದಿ 10 ಕೆ.ಜಿ. ಭಾರದಷ್ಟು ಬಲದಿಂದ ಮುಂಗೈಗೆ ಒತ್ತುತ್ತದೆ. ಮಣಿಕಟ್ಟು ತಿರುಚಿಕೊಳ್ಳುವ ಬದಲು ಮುಂಗೈಯೇ ಆ ಹೊರೆ ಹೊರುತ್ತದೆ. ಅಡ್ಡಕಂಬಿ ಎರಡಿರುವುದಕ್ಕೂ ಇಂಥದೇ ಕಾರಣ: ಒಂದೇ ಕಂಬಿಯಾದರೆ ಅದು ಅಂಗೈಯೊಳಗೆ ಉರುಳಿ ಮೊನೆ ಬಾಗಿಬಿಡುತ್ತಿತ್ತು.

ಹೀಗೆ ಬಂದ ಬಲ ಮೊನೆಯಲ್ಲಿ ವ್ಯರ್ಥವಾಗಬಾರದು. ಅನೇಕ ಕಟಾರಿಗಳ ಅಲಗು ಮಧ್ಯದಲ್ಲಿ ತೆಳ್ಳಗಿದ್ದು ತುದಿಯಲ್ಲಿ ದಪ್ಪಗಾಗುತ್ತದೆ. ಈ ದಪ್ಪ ಮೊನೆ ಸರಪಳಿ ಕವಚದ ಒಂದು ಬಳೆಯೊಳಗೆ ಹೊಕ್ಕು, ಬೆಣೆಯಂತೆ ಅಗಲಿಸಿ, ಅದರ ಬೆಸುಗೆಯನ್ನೋ ಮೊಳೆಯನ್ನೋ ಬಿಡಿಸಲು ನೋಡುತ್ತದೆ. ತೆಳು ಮೊನೆಯಾದರೆ ಅಲ್ಲೇ ಮಣಿಯುತ್ತದೆ ಇಲ್ಲವೇ ಮುರಿಯುತ್ತದೆ. ಅಲಗು ಬುಡದ ಕಡೆ ಅಗಲವಾಗುತ್ತ ಹೋಗುವುದರಿಂದ ಒಳಗೆ ಹೋದಷ್ಟೂ ತಡೆ ಹೆಚ್ಚುತ್ತದೆ.

ಮಣಿಕಟ್ಟನ್ನು ಕಟ್ಟಿಹಾಕಿದ್ದಕ್ಕೆ ಬೆಲೆಯೂ ಇದೆ. ಕತ್ತಿಯ ಹಾಗೆ ಮಣಿಕಟ್ಟು ತಿರುಗಿಸಿ ಬೀಸಲಾಗದು; ಕಡಿಯಬೇಕಾದರೆ ಇಡೀ ತೋಳನ್ನೇ ಬೀಸಬೇಕು. ಅಲಗು ಗಿಡ್ಡ, ಆದ್ದರಿಂದ ಕತ್ತಿ ಹಿಡಿದವನ ತೀರ ಹತ್ತಿರಕ್ಕೆ ನುಗ್ಗದೆ ಕೆಲಸವಿಲ್ಲ. ದಕ್ಷಿಣದ ಕೆಲವು ಕಟಾರಿಗಳಿಗೆ ಯುರೋಪಿನ ಕತ್ತಿಗಳ ಅಲಗನ್ನು ಮೊಳೆ ಬಡಿದು ಕೂರಿಸಿದ್ದುಂಟು. ಅದರಿಂದ ನಿಲುಕು ಹೆಚ್ಚುತ್ತದೆ, ಆದರೆ ಮೇಲೆ ಹೇಳಿದ ಲೆಕ್ಕದಂತೆ ಮುಂಗೈ ಮೇಲಿನ ಹೊರೆಯೂ ಅದೇ ಪ್ರಮಾಣದಲ್ಲಿ ಏರುತ್ತದೆ.

ಮ್ಯೂಸಿಯಂನಲ್ಲಿ ಕಟಾರಿ ಸಿಕ್ಕರೆ ಹಿಡಿಯ ಚಿನ್ನದ ಕುಸುರಿಯನ್ನು ನೋಡುವ ಮುನ್ನ ಅಲಗಿನ ತುದಿಯನ್ನು ಪಕ್ಕದಿಂದ ನೋಡಿ. ಅಲ್ಲಿ ದಪ್ಪಗಾಗಿದ್ದರೆ, ಮಾಡಿದವನ ಮನಸ್ಸಿನಲ್ಲಿ ಕವಚ ಇತ್ತೆಂದು ತಿಳಿಯಬಹುದು.